ಲಕ್ವದ ಮೊದಲ ದಿನ ಬಿ.ಪಿ.ಯನ್ನು ಇಳಿಸದೆ ಬಿಟ್ಟೆ: ನನ್ನ ಅನುಭವ

ಇದನ್ನು ಬರೆಯಲು ಕಾರಣ, ನಮ್ಮ ವಾರ್ಡಿನಲ್ಲಿ ಈ ಪದ್ಧತಿ ಕೊನೆಗೂ ನೆಲೆ ನಿಂತಿದೆ. "ಇನ್ನೂರು ಬಿ.ಪಿ. ಇಟ್ಟುಕೊಂಡು ರೋಗಿಯನ್ನು ಸುಮ್ಮನೆ ಮಲಗಿಸಿದ್ದಾರೆ" ಎಂದು ಊರಿನಲ್ಲಿ ಮಾತನಾಡಿದ ಸಹೋದ್ಯೋಗಿಗಳೇ ಈಗ ಅದನ್ನು ಅನುಸರಿಸುತ್ತಿದ್ದಾರೆ. ತುಂಗಭದ್ರಾ ಎಡದಂಡೆ ಕಾಲುವೆಯ ಸೀಮೆಯಲ್ಲಿ ಒಂದು ಸಣ್ಣ ಆಸ್ಪತ್ರೆ ನಮ್ಮದು. ಪಕ್ಕದ ಸ್ಕ್ಯಾನ್ ಸೆಂಟರಿನಲ್ಲಿ ಸಿ.ಟಿ. ಇದೆ, ಎಂ.ಆರ್.ಐ.ಗೆ ದೂರ ಹೋಗಬೇಕು. ನನ್ನಂತಹ ಜಾಗದಲ್ಲಿ ಕೆಲಸ ಮಾಡುವ ಫಿಜಿಶಿಯನ್ನರಿಗೆ ಉಪಯೋಗವಾಗಲಿ ಎಂಬುದೇ ಉದ್ದೇಶ. ಮೂಲ ಸಂಗತಿಗಳು ನಿಮಗೆ ಗೊತ್ತೇ ಇವೆ, ಅವನ್ನು ಬಿಡುತ್ತೇನೆ.

ಅಂಕಿಗಳಲ್ಲಿ ಗುಟ್ಟೇನೂ ಇಲ್ಲ. ರಕ್ತನಾಳ ಕಟ್ಟಿಕೊಂಡು ಆದ ಲಕ್ವ, ಹೆಪ್ಪು ಕರಗಿಸುವ ಚುಚ್ಚುಮದ್ದು ಕೊಡುತ್ತಿಲ್ಲ, ನಾಳದೊಳಗೆ ಹೋಗಿ ಹೆಪ್ಪು ತೆಗೆಯುವ ಚಿಕಿತ್ಸೆಯೂ ಇಲ್ಲ ಎಂದಾದರೆ, ಒತ್ತಡ 220/120 ದಾಟುವವರೆಗೆ ಮುಟ್ಟುವುದಿಲ್ಲ. ದಾಟಿದರೂ ಮೊದಲ 24 ಗಂಟೆಯಲ್ಲಿ ಸುಮಾರು ಶೇ. 15ರಷ್ಟು ಮಾತ್ರ ಇಳಿಸುತ್ತೇವೆ. ಕರಗಿಸುವ ಮದ್ದು ಕೊಡುವುದಾದರೆ ಮೊದಲು 185/110ಕ್ಕಿಂತ ಕೆಳಗೆ ತರಬೇಕು, ಕೊಟ್ಟ ಮೇಲೆ ಒಂದು ದಿನ 180/105ರ ಒಳಗೆ ಇಡಬೇಕು, ಇಲ್ಲದಿದ್ದರೆ ಮಿದುಳಿನಲ್ಲಿ ರಕ್ತಸ್ರಾವದ ಭಯ. ಸಿ.ಟಿ.ಯಲ್ಲಿ ರಕ್ತ ಕಂಡರೆ ಕಥೆಯೇ ಬೇರೆ, ಅಲ್ಲಿ ಬೇಗ 140ರ ಆಸುಪಾಸಿಗೆ ಇಳಿಸಬೇಕು. ಶ್ವಾಸಕೋಶದಲ್ಲಿ ನೀರು ತುಂಬಿದ್ದರೆ, ಹೃದಯಾಘಾತ ಜೊತೆಗಿದ್ದರೆ, ಮಹಾಪಧಮನಿ ಸೀಳಿದ್ದರೆ ಕಾಯುವಂತಿಲ್ಲ. ಆದ್ದರಿಂದ ಸ್ಕ್ಯಾನ್ ಆಗುವವರೆಗೆ ಯಾವ ತೀರ್ಮಾನವೂ ಇಲ್ಲ.

ಇದು ಎಲ್ಲರೂ ಓದಿದ್ದೇ. ಆದರೂ ರಾತ್ರಿ ಎರಡು ಗಂಟೆಗೆ ಯಂತ್ರ 204 ತೋರಿಸಿದಾಗ ಯಾರ ಕೈಯೂ ಸುಮ್ಮನಿರುವುದಿಲ್ಲ.

ನಾನು ಮೊದಲು ಮಾಡಿದ್ದು ಗೋಡೆಗೆ ಒಂದು ಪಟ್ಟಿ ಅಂಟಿಸುವುದು. ಅದರಿಂದ ಏನೂ ಆಗಲಿಲ್ಲ. ಸಿಸ್ಟರ್ 204 ಬರೆದು ಡ್ಯೂಟಿ ಡಾಕ್ಟರಿಗೆ ಹೇಳುತ್ತಿದ್ದರು. ಅವರು ಪಟ್ಟಿ ನೋಡಿದರೂ, "ನಾಳೆ ಏನಾದರೂ ಆದರೆ ನನ್ನ ತಲೆಗೆ ಬರುತ್ತದೆ" ಎಂದು ಒಂದು ಮಾತ್ರೆ ಬರೆಯುತ್ತಿದ್ದರು. ಆಮೇಲೆ ಪ್ರತಿ ಕೇಸ್ ಶೀಟಿನಲ್ಲಿ ನಾನೇ ಕೈಯಾರೆ "220ರವರೆಗೆ ಮದ್ದು ಬೇಡ" ಎಂದು ಬರೆದೆ. ಅದು ಹಗಲಿಗೆ ನಡೆಯಿತು, ರಾತ್ರಿಗೆ ನಡೆಯಲಿಲ್ಲ. ರೋಗಿಯ ಕಡೆಯವರ ಬಳಿಯೂ ಬಿ.ಪಿ. ಯಂತ್ರವಿತ್ತು. ಅವರು ಅಳೆದು, ಹೊರಗಿನ ಮೆಡಿಕಲ್ ಶಾಪಿನವರನ್ನು ಕೇಳಿ, ಮಾತ್ರೆ ತಂದು ನುಂಗಿಸುತ್ತಿದ್ದರು. ಹೀಗೆ ಒಂದು ವರ್ಷಕ್ಕಿಂತ ಹೆಚ್ಚು ಕಾಲ ಕಳೆಯಿತು.

ಎಲ್ಲವನ್ನೂ ತಿರುಗಿಸಿದ್ದು ಒಬ್ಬ ಅಜ್ಜಿ. ವಯಸ್ಸು ಎಪ್ಪತ್ತರ ಹತ್ತಿರ, ಹದಿನೈದು ವರ್ಷದಿಂದ ಬಿ.ಪಿ. ಇದ್ದವರು, ಮಾತ್ರೆ ಆಗೊಮ್ಮೆ ಈಗೊಮ್ಮೆ. ರಾತ್ರಿ ಊಟ ಮಾಡಿ ಚೆನ್ನಾಗಿಯೇ ಮಲಗಿದ್ದರು, ಬೆಳಗ್ಗೆ ಏಳುವಾಗ ಬಲಗೈ ಸೋತಿತ್ತು, ಮಾತು ತೊದಲುತ್ತಿತ್ತು. ಯಾವಾಗ ಶುರುವಾಯಿತೆಂದು ಗೊತ್ತಿಲ್ಲದ ಕಾರಣ ಕರಗಿಸುವ ಮದ್ದು ಕೈಬಿಟ್ಟೆ. ಸಿ.ಟಿ.ಯಲ್ಲಿ ರಕ್ತಸ್ರಾವ ಇಲ್ಲ. ಬಣ್ಣದ ಮದ್ದು ಕೊಟ್ಟು ತೆಗೆದ ನಾಳಗಳ ಚಿತ್ರದಲ್ಲಿ ಕುತ್ತಿಗೆಯ ಎಡಭಾಗದ ಕೆರೋಟಿಡ್ ದಾರದೆಳೆಯಷ್ಟು ಕಿರಿದಾಗಿತ್ತು, ತಲೆಯೊಳಗಿನ ದೊಡ್ಡ ನಾಳಗಳಲ್ಲಿ ಎಳೆದು ತೆಗೆಯುವಂತಹ ಹೆಪ್ಪು ಇರಲಿಲ್ಲ. ಒತ್ತಡ 206/112. ಬಲಗೈಯನ್ನು ಎತ್ತಿ ಹಿಡಿಯಲು ಹೇಳಿದರೆ ಆರು ಸೆಕೆಂಡಿಗೆ ನಿಧಾನವಾಗಿ ಇಳಿಯುತ್ತಿತ್ತು.

ಸಂಜೆ ಸಂಬಂಧಿಕರೊಬ್ಬರು ಬಂದರು, ಅವರೂ ಹಳ್ಳಿಯಲ್ಲಿ ವೈದ್ಯ ವೃತ್ತಿ ಮಾಡುವವರು. ಇಷ್ಟು ಬಿ.ಪಿ. ಇದ್ದರೂ ಏನೂ ಕೊಟ್ಟಿಲ್ಲ ಎಂದು ಸಿಟ್ಟಾಗಿ, ನಿಫೆಡಿಪಿನ್ ಕ್ಯಾಪ್ಸೂಲಿಗೆ ಸೂಜಿ ಚುಚ್ಚಿ ನಾಲಿಗೆಯ ಕೆಳಗೆ ಹಿಂಡಿದರು. ಮುಕ್ಕಾಲು ಗಂಟೆಯಲ್ಲಿ ಒತ್ತಡ 138/78ಕ್ಕೆ ಬಂತು. ಅವರು ನನಗೆ ಯಂತ್ರ ತೋರಿಸಿ, "ನೋಡಿ ಡಾಕ್ಟರೇ, ನಾರ್ಮಲ್ ಆಯಿತು" ಎಂದರು. ಅಷ್ಟರಲ್ಲಿ ಅಜ್ಜಿಯ ಬಲಗೈ ಹಾಸಿಗೆಯಿಂದ ಮೇಲೇಳುತ್ತಿರಲಿಲ್ಲ. ಬೆಳಗ್ಗೆ ತೊದಲಿಯಾದರೂ ಮಗನ ಹೆಸರು ಹೇಳಿದ್ದವರಿಂದ ಈಗ ಒಂದು ಮಾತೂ ಇಲ್ಲ.

ಸರಾಸರಿ ಒತ್ತಡ ಲೆಕ್ಕ ಹಾಕಿ. 206/112ಕ್ಕೆ ಸುಮಾರು 143, 138/78ಕ್ಕೆ 98. ಮೂರರಲ್ಲಿ ಒಂದು ಪಾಲು ಮುಕ್ಕಾಲು ಗಂಟೆಯಲ್ಲಿ ಹೋಯಿತು. ಆರೋಗ್ಯವಂತನ ಮಿದುಳಾದರೆ ತನ್ನ ನಾಳಗಳನ್ನು ಹಿಗ್ಗಿಸಿ ಹರಿವನ್ನು ಕಾಯ್ದುಕೊಳ್ಳುತ್ತಿತ್ತು. ವರ್ಷಗಟ್ಟಲೆ ಬಿ.ಪಿ. ಇದ್ದವರಲ್ಲಿ ಆ ಶಕ್ತಿ ಮೇಲಿನ ಅಂಕಿಗಳಿಗೆ ಒಗ್ಗಿಕೊಂಡಿರುತ್ತದೆ. ಲಕ್ವ ಹೊಡೆದ ಭಾಗದ ಅಂಚಿನಲ್ಲಂತೂ ನಾಳಗಳು ಆಗಲೇ ಹಿಗ್ಗುವಷ್ಟು ಹಿಗ್ಗಿ ನಿಂತಿರುತ್ತವೆ. ಅಲ್ಲಿ ಹರಿವು ಪೂರ್ತಿಯಾಗಿ ಒತ್ತಡವನ್ನೇ ನಂಬಿಕೊಂಡಿದೆ. ನೂರು ಗ್ರಾಂ ಮಿದುಳಿಗೆ ನಿಮಿಷಕ್ಕೆ ಸುಮಾರು 50 ಮಿಲಿಲೀಟರ್ ರಕ್ತ ಬೇಕು. 20ರ ಕೆಳಗೆ ಬಂದರೆ ಕೋಶ ಕೆಲಸ ನಿಲ್ಲಿಸುತ್ತದೆ, ಆದರೆ ಇನ್ನೂ ಬದುಕಿರುತ್ತದೆ. 10ರ ಕೆಳಗೆ ಹೋದರೆ ಸ್ವಲ್ಪ ಹೊತ್ತಿನಲ್ಲೇ ಸಾಯುತ್ತದೆ. ಅಜ್ಜಿಯ ಕೈಯನ್ನು ಆಡಿಸುವ ಭಾಗ ಈ ಎರಡರ ನಡುವೆ ಸಿಕ್ಕಿಕೊಂಡಿತ್ತು.

ಸಕ್ಕರೆ ನೋಡಿದೆ, 130ರ ಹತ್ತಿರ. ಮತ್ತೆ ಸಿ.ಟಿ. ಮಾಡಿಸಿದೆ, ರಕ್ತಸ್ರಾವ ಇಲ್ಲ. ಇವೆರಡನ್ನು ನೋಡದೆ ಒತ್ತಡದ ಮೇಲೆ ದೂರು ಹಾಕುವುದು ಸರಿಯಲ್ಲ. ದಿಂಬು ತೆಗೆದು ಮಟ್ಟವಾಗಿ ಮಲಗಿಸಿ, ಎದೆಗೆ ಸ್ಟೆತಸ್ಕೋಪ್ ಇಟ್ಟು ಪುಪ್ಪುಸ ಸ್ವಚ್ಛವಿದೆ ಎಂದು ಖಚಿತ ಮಾಡಿಕೊಂಡು, ಅರ್ಧ ಲೀಟರ್ ನಾರ್ಮಲ್ ಸಲೈನ್ ಬಿಟ್ಟೆ. ಕ್ಯಾಪ್ಸೂಲಿನ ಪ್ರಭಾವವೂ ತಗ್ಗುತ್ತಾ ಬಂತು. ಒತ್ತಡ 170 ದಾಟಿದ ಮೇಲೆ ಮೊದಲು ಬೆರಳುಗಳು ಆಡಿದವು, ನಂತರ ಮೊಣಕೈ ಮಡಚಿತು, ರಾತ್ರಿ ಹತ್ತರ ಹೊತ್ತಿಗೆ ಕೈ ಮತ್ತೆ ಗಾಳಿಯಲ್ಲಿ ನಿಂತಿತು. ಕ್ಯಾಪ್ಸೂಲ್ ಹಿಂಡಿದವರು ಅಲ್ಲೇ ನಿಂತು ಇದೆಲ್ಲವನ್ನೂ ನೋಡಿದರು. ಡ್ಯೂಟಿ ಡಾಕ್ಟರೂ ಇಬ್ಬರು ಸಿಸ್ಟರುಗಳೂ ನೋಡಿದರು. ನನ್ನ ಪಟ್ಟಿಯಿಂದ ಆಗದ ಕೆಲಸ ಆ ಒಂದು ಸಂಜೆಯಲ್ಲಿ ಆಯಿತು.

ಮಾರನೆಯ ದಿನವೇ ಚಾರ್ಟ್ ಬದಲಿಸಿದೆ. ಬಿ.ಪಿ.ಯ ಕಾಲಮ್ಮಿನ ಪಕ್ಕದಲ್ಲಿ ಇನ್ನೊಂದು ಕಾಲಮ್: ಸೋತ ಕೈ ಎಷ್ಟು ಸೆಕೆಂಡ್ ನಿಂತಿತು. ಮಲಗಿರುವಾಗ 45 ಡಿಗ್ರಿ ಎತ್ತಿ ಹತ್ತರವರೆಗೆ ಎಣಿಸುವುದು, ಕಾಲನ್ನು 30 ಡಿಗ್ರಿ ಎತ್ತಿ ಐದರವರೆಗೆ. ಕೈಯ ಅಂಕಿ ಇಲ್ಲದೆ ಬಿ.ಪಿ. ಅಂಕಿ ಬರೆಯುವಂತಿಲ್ಲ. ಮೂರನೆಯ ಕಾಲಮ್, ಒತ್ತಡ ಏರಿದ್ದರೆ ಏಕೆ ಎಂಬುದು. ಮೂತ್ರ ಕಟ್ಟಿದೆಯೇ, ನೋವೇ, ವಾಂತಿಯೇ, ಕಫ್ ಚಿಕ್ಕದೇ, ಈಗಷ್ಟೇ ಪಕ್ಕ ಹೊರಳಿಸಿದರೇ. ದಪ್ಪ ತೋಳಿಗೆ ಸಣ್ಣ ಕಫ್ ಕಟ್ಟಿದರೆ ಸುಳ್ಳು ಅಂಕಿ ಮೇಲೆಯೇ ಬರುತ್ತದೆ. ದೊಡ್ಡ ಕಫ್ ಕೊಳ್ಳಲು ಆಡಳಿತದವರು ಹಿಂದೆಮುಂದೆ ನೋಡಿದರು, ಸಾವಿರದೈನೂರು ಇದ್ದಿರಬೇಕು, ನಾನೇ ಕೊಂಡು ತಂದೆ. ನನ್ನ ನೆನಪಿನ ಪ್ರಕಾರ ಇನ್ನೂರು ದಾಟಿದ್ದಾರೆ ಎಂದು ಕರೆ ಬಂದವರಲ್ಲಿ ಮೂರರಲ್ಲಿ ಒಬ್ಬರಿಗೆ ಮೂತ್ರಕೋಶ ಖಾಲಿ ಮಾಡಿಸಿ ಕಾಲು ಗಂಟೆ ಬಿಟ್ಟು ಅಳೆದರೆ ಅಂಕಿ ತಾನಾಗಿ ಇಳಿದಿರುತ್ತದೆ. ಉಳಿದವರಲ್ಲೂ ಬಹಳಷ್ಟು ಜನಕ್ಕೆ ಒಂದೆರಡು ದಿನದಲ್ಲಿ ಮದ್ದಿಲ್ಲದೆಯೇ ತಗ್ಗುತ್ತದೆ.

ಯಾವ ರೋಗಿಯ ಕೈ ಒತ್ತಡ ಇಳಿದರೆ ಬಿದ್ದೇ ಬೀಳುತ್ತದೆ ಎಂದು ಮೊದಲೇ ಅಂದಾಜು ಮಾಡಲು ನನ್ನದೇ ಒಂದೆರಡು ಗುರುತುಗಳಿವೆ. ಅವನ್ನು ಇಲ್ಲಿ ಬರೆಯುವುದಿಲ್ಲ. ಹಾಸಿಗೆಯ ಪಕ್ಕ ನಿಂತು ತೋರಿಸದೆ ಹೇಳಿದರೆ ತಪ್ಪಾಗಿ ಬಳಕೆಯಾಗುತ್ತವೆ, ನನ್ನ ಜೊತೆ ರೌಂಡ್ಸ್ ಮಾಡಿದವರಿಗೆ ಗೊತ್ತು.

ಅಜ್ಜಿ ಮಟ್ಟವಾಗಿ ಮಲಗಿದಾಗ ಸುಧಾರಿಸಿದ್ದನ್ನು ಕಂಡು ಕೆಲವು ತಿಂಗಳು ಎಲ್ಲ ಲಕ್ವದ ರೋಗಿಗಳನ್ನೂ ಮೊದಲ ದಿನ ಮಟ್ಟವಾಗಿಯೇ ಮಲಗಿಸಿ ನೋಡಿದೆ. ಎಲ್ಲರಿಗೂ ಲಾಭ ಕಾಣಲಿಲ್ಲ, ನುಂಗಲು ಬಾರದವರಿಗೆ ಜೊಲ್ಲು ಶ್ವಾಸನಾಳಕ್ಕೆ ಹೋಗುವ ಹೆದರಿಕೆ ಬೇರೆ. 2017ರಲ್ಲಿ ಬಂದ ಹೆಡ್‌ಪೋಸ್ಟ್ ಅಧ್ಯಯನದಲ್ಲೂ ಹನ್ನೊಂದು ಸಾವಿರ ರೋಗಿಗಳಲ್ಲಿ ಮಟ್ಟವಾಗಿ ಮಲಗಿಸಿದ್ದಕ್ಕೂ ತಲೆ ಎತ್ತಿ ಮಲಗಿಸಿದ್ದಕ್ಕೂ ವ್ಯತ್ಯಾಸ ಸಿಗಲಿಲ್ಲ. ಈಗ ತಲೆ ಎತ್ತಿದೊಡನೆ ಕೈ ಸೋಲುವವರಿಗೆ ಮಾತ್ರ ದಿಂಬು ತೆಗೆಯುತ್ತೇನೆ. ಮದ್ದು ಕೊಟ್ಟು ಒತ್ತಡವನ್ನು ಬೇಕೆಂದೇ ಏರಿಸುವ ದಾರಿಗೆ ನಾನು ಹೋಗಿಲ್ಲ.

ಸಂಶಯ ಪಡುವವರು 2014ರ ಕ್ಯಾಟಿಸ್ ಅಧ್ಯಯನವನ್ನು ಎತ್ತುತ್ತಾರೆ. ಚೀನಾದಲ್ಲಿ ನಾಲ್ಕು ಸಾವಿರ ಜನರಲ್ಲಿ ಮೊದಲ ದಿನಗಳಲ್ಲೇ ಒತ್ತಡ ಇಳಿಸಿದರು, ಹಾನಿ ಕಾಣಲಿಲ್ಲ ಎನ್ನುತ್ತಾರೆ. ನಿಜ, ಆದರೆ ಲಾಭವೂ ಕಾಣಲಿಲ್ಲ. ಅವರು ಇಳಿಸಿದ್ದು ಒಂದು ದಿನದಲ್ಲಿ ಅಳತೆಯಿಟ್ಟು, ಮುಕ್ಕಾಲು ಗಂಟೆಯಲ್ಲಿ ಕ್ಯಾಪ್ಸೂಲ್ ಹಿಂಡಿ ಅಲ್ಲ. 2024ರ ಇಂಟರಾಕ್ಟ್-4 ಅಧ್ಯಯನದಲ್ಲಿ ಸ್ಕ್ಯಾನಿಗೆ ಮೊದಲೇ ಆಂಬುಲೆನ್ಸಿನಲ್ಲಿ ಒತ್ತಡ ಇಳಿಸಿದರು. ರಕ್ತಸ್ರಾವದವರಿಗೆ ಒಳ್ಳೆಯದಾಯಿತು, ನಾಳ ಕಟ್ಟಿದವರಿಗೆ ಕೆಟ್ಟದಾಯಿತು. ನನ್ನ ವಾದಕ್ಕೆ ಇಷ್ಟು ಸಾಕು.

ದುಡ್ಡಿನ ವಿಷಯ. ಲ್ಯಾಬೆಟಲಾಲ್ ಆಂಪೂಲ್ ಒಂದಕ್ಕೆ ಇನ್ನೂರರ ಸುಮಾರು, ಪಂಪಿನಲ್ಲಿ ಹರಿಸಿದರೆ ಐ.ಸಿ.ಯು. ಬಾಡಿಗೆಯೂ ಸೇರಿ ದಿನಕ್ಕೆ ಏಳೆಂಟು ಸಾವಿರ ಆಗುತ್ತಿತ್ತು. ಈಗ ಅದು 220 ದಾಟಿದವರಿಗೆ ಮಾತ್ರ ಬೇಕಾಗುತ್ತದೆ, 10 ಮಿಲಿಗ್ರಾಂ ನಿಧಾನವಾಗಿ ಕೊಟ್ಟು ಕಾಯುತ್ತೇನೆ. ಉಳಿದವರು ಸಾಮಾನ್ಯ ವಾರ್ಡಿನಲ್ಲೇ ಇರುತ್ತಾರೆ. ಆಸ್ಪತ್ರೆಯ ಆದಾಯ ಇಳಿಯಿತೆಂದು ಗೊಣಗಿದವರಿದ್ದಾರೆ. ಆದರೆ ಲಕ್ವದ ರೋಗಿಗಳನ್ನು ನೇರವಾಗಿ ನಮ್ಮಲ್ಲಿಗೇ ತರುವವರು ಹೆಚ್ಚಾದರು.

ಮನೆಯವರಿಗೆ ಹೇಳುವ ಮಾತು ಈ ಸೀಮೆಯಲ್ಲಿ ಸುಲಭ. ಕಾಲುವೆಯ ತೂಬಿನಲ್ಲಿ ನೀರು ತಗ್ಗಿಸಿದರೆ ಮೊದಲು ಒಣಗುವುದು ಯಾರ ಗದ್ದೆ ಎಂದು ಕೇಳುತ್ತೇನೆ. ಕೊನೆ ಭಾಗದವರದ್ದು ಎಂದು ಎಲ್ಲರೂ ಹೇಳುತ್ತಾರೆ. ಅಮ್ಮನ ತಲೆಯಲ್ಲಿ ಈಗ ಕೊನೆ ಭಾಗದ ಗದ್ದೆ ಇದೆ, ಎರಡು ದಿನ ತೂಬು ಮುಟ್ಟಬೇಡಿ ಎನ್ನುತ್ತೇನೆ. ಯಂತ್ರವನ್ನು ಅವರೇ ಚೀಲಕ್ಕೆ ಹಾಕುತ್ತಾರೆ.

ಅಜ್ಜಿಯ ಒತ್ತಡ ಎರಡನೆಯ ದಿನ 186, ನಾಲ್ಕನೆಯ ದಿನ 164. ಕೈಯ ಅಂಕಿ ಪೂರ್ತಿ ಒಂದು ದಿನ ಹತ್ತರಲ್ಲೇ ನಿಂತ ಮೇಲೆ ಅಮ್ಲೋಡಿಪಿನ್ 2.5 ಶುರು ಮಾಡಿದೆ, ಹಳೆಯ ಮಾತ್ರೆಗಳನ್ನೆಲ್ಲ ಒಟ್ಟಿಗೆ ಕೊಡಲಿಲ್ಲ. ಎರಡನೆಯ ವಾರದೊಳಗೆ ಕೆರೋಟಿಡ್ ಸರಿಪಡಿಸಲು ಬೆಂಗಳೂರಿಗೆ ಕಳುಹಿಸಿದೆ. ಕೆರೋಟಿಡ್ ತೆರೆದ ಮೇಲೆ ಲೆಕ್ಕ ತಿರುಗುಮುರುಗಾಗುತ್ತದೆ. ಬರಗಾಲ ಕಂಡ ಮಿದುಳಿಗೆ ಒಮ್ಮೆಲೇ ಪೂರ್ತಿ ಹರಿವು ನುಗ್ಗುವುದರಿಂದ ಅಲ್ಲಿ ಒತ್ತಡವನ್ನು ಬಿಗಿಯಾಗಿ ಹಿಡಿಯಬೇಕು, ಅದನ್ನು ರೆಫರಲ್ ಪತ್ರದಲ್ಲಿ ಮನೆಯವರಿಗೂ ತಿಳಿಯುವಂತೆ ಬರೆದೆ.

ಈಗ ಉಳಿದಿರುವ ತೊಂದರೆ ಡಿಸ್ಚಾರ್ಜ್ ಆದ ಮೇಲಿನದು. "ಡಾಕ್ಟರೇ ಬಿ.ಪಿ. ಇರಲಿ ಎಂದಿದ್ದಾರೆ" ಎಂದು ಮಾತ್ರೆ ನಿಲ್ಲಿಸಿ, ತಿಂಗಳ ನಂತರ 190 ಇಟ್ಟುಕೊಂಡು ಬಂದವರಿದ್ದಾರೆ. ಆದ್ದರಿಂದ ಕಾರ್ಡಿನ ಮೇಲೆ ಕೆಂಪು ಶಾಯಿಯಲ್ಲಿ ಎರಡು ತಾರೀಖು ಬರೆಯುತ್ತೇನೆ: ಒತ್ತಡಕ್ಕೆ ಕೊಟ್ಟ ರಿಯಾಯಿತಿ ಮುಗಿದ ದಿನ ಮತ್ತು 130/80 ತಲುಪಿದೆಯೇ ಎಂದು ನಾನು ನೋಡುವ ದಿನ.