ಕಂಪನಿಯ ಬಿಟ್‌ಕಾಯಿನ್ ಆಡಿಟ್: ಕೀ ಕೈಯಲ್ಲಿದ್ದ ಮಾತ್ರಕ್ಕೆ ಮಾಲೀಕತ್ವ ಅಲ್ಲ

ಕ್ರಿಪ್ಟೊ ಇಟ್ಟುಕೊಂಡ ಕಂಪನಿಯ ಆಡಿಟ್‌ಗೆ ಹೋದಾಗ ಮೊದಲು ಕೈಗೆ ಬರುವುದು ವ್ಯಾಲೆಟ್ಟಿನ ಸ್ಕ್ರೀನ್‌ಶಾಟ್. ಅದನ್ನು ನಾನು ಪುರಾವೆಯಾಗಿ ಫೈಲಿಗೆ ಸೇರಿಸುವುದಿಲ್ಲ. ಬ್ಲಾಕ್‌ಚೈನಿನಲ್ಲಿ ಯಾವ ವಿಳಾಸದಲ್ಲಿ ಎಷ್ಟಿದೆ ಎಂದು ಯಾರು ಬೇಕಾದರೂ ನೋಡಬಹುದು, ಆ ವಿಳಾಸ ಯಾರದ್ದು ಎಂದು ಮಾತ್ರ ಅದು ಹೇಳುವುದಿಲ್ಲ.

ಒಂದು ಮಾದರಿ ಲೆಕ್ಕ ನೋಡೋಣ. ಮಾರ್ಚ್ 31ಕ್ಕೆ ಕಂಪನಿಯ ಪುಸ್ತಕದಲ್ಲಿ 8 ಬಿಟ್‌ಕಾಯಿನ್. ಅದರಲ್ಲಿ 5 ಸ್ವಂತ ವ್ಯಾಲೆಟ್ಟಿನಲ್ಲಿ, 3 ಎಕ್ಸ್‌ಚೇಂಜಿನಲ್ಲಿ. ವ್ಯಾಲೆಟ್ಟಿಗೆ ಮೂರು ಕೀಗಳಿದ್ದು, ಅಂದರೆ ವರ್ಗಾವಣೆಗೆ ಸಹಿ ಹಾಕುವ ಮೂರು ಗುಪ್ತ ಸಂಖ್ಯೆಗಳಿದ್ದು, ಯಾವ ಎರಡು ಸಹಿ ಬಿದ್ದರೂ ಹಣ ಹೊರಡುತ್ತದೆ.

ನಾನು ಮೊದಲು ಕೇಳುವುದು ವ್ಯಾಲೆಟ್ಟಿನ ಡಿಸ್ಕ್ರಿಪ್ಟರ್, ಅಂದರೆ ಅದರ ವಿಳಾಸಗಳು ಹೇಗೆ ಹುಟ್ಟುತ್ತವೆ ಎಂದು ಹೇಳುವ ಸಾಲು. ಅದರಲ್ಲಿ ಮೂರೂ ಪಬ್ಲಿಕ್ ಕೀಗಳಿರುತ್ತವೆ. ಹಣ ತೆಗೆಯಲು ಅದು ಸಾಲದು, ಬಿಟ್‌ಕಾಯಿನ್ ಕೋರ್ ತಂತ್ರಾಂಶದಲ್ಲಿ ವಿಳಾಸಗಳನ್ನು ನಾವೇ ಹುಟ್ಟಿಸಿಕೊಳ್ಳಲು ಸಾಕು:

```
bitcoin-cli deriveaddresses "wsh(sortedmulti(2,xpubA/0/*,xpubB/0/*,xpubC/0/*))#checksum" "[0,19]"
```

ವರ್ಗಾವಣೆಯಲ್ಲಿ ಉಳಿದ ಚಿಲ್ಲರೆ ವಾಪಸು ಬರುವ ವಿಳಾಸಗಳಿಗೆ `/0/` ಬದಲು ಸಾಮಾನ್ಯವಾಗಿ `/1/` ಇರುತ್ತದೆ. ಅದನ್ನು ಮರೆತರೆ ಬ್ಯಾಲೆನ್ಸ್ ಕಡಿಮೆ ಕಾಣುತ್ತದೆ.

ಆಮೇಲೆ ಕೀಗಳು ನಿಜಕ್ಕೂ ಕಂಪನಿಯ ಕೈಯಲ್ಲಿವೆಯೇ ಎಂಬ ಪರೀಕ್ಷೆ. ಇಂಥ ವ್ಯಾಲೆಟ್ಟಿನಲ್ಲಿ ಸಂದೇಶಕ್ಕೆ ಸಹಿ ಹಾಕಿಸುವುದು ಕಿರಿಕಿರಿಯ ಕೆಲಸ, ಬಿಟ್‌ಕಾಯಿನ್ ಕೋರ್‌ನ `signmessage` ಹಳೇ ಮಾದರಿಯ ವಿಳಾಸಗಳಿಗೆ ಮಾತ್ರ ನಡೆಯುತ್ತದೆ. ಹಾಗಾಗಿ ಸಣ್ಣ ಮೊತ್ತವೊಂದನ್ನು ಕಂಪನಿಯದೇ ಇನ್ನೊಂದು ವಿಳಾಸಕ್ಕೆ ಕಳಿಸಲು ಹೇಳುತ್ತೇನೆ. ಮೊತ್ತವನ್ನು ನಾನೇ ಆ ಕ್ಷಣದಲ್ಲಿ ಹೇಳಬೇಕು, 0.00013742 ತರಹ, ಮೊದಲೇ ಆದ ವರ್ಗಾವಣೆಯನ್ನು ತೋರಿಸಿ ತಪ್ಪಿಸಿಕೊಳ್ಳಲು ಆಗದಂತೆ. ಒಂದು ವರ್ಗಾವಣೆ ಸಾಲದು. ಮೊದಲನೆಯದಕ್ಕೆ ಎ ಮತ್ತು ಬಿ ಕೀ, ಎರಡನೆಯದಕ್ಕೆ ಬಿ ಮತ್ತು ಸಿ. ಮೂರನೇ ಕೀ ಕಳೆದುಹೋಗಿದ್ದರೆ ಎರಡನೆಯದರಲ್ಲಿ ಗೊತ್ತಾಗುತ್ತದೆ. ಕಳೆದಿದ್ದರೆ ಇನ್ನೊಂದು ಕೀ ಹೋದ ದಿನ ಆ ಹಣ ಯಾರಿಗೂ ಸಿಗುವುದಿಲ್ಲ. ಸಹಿ ಹಾಕುವವರು ಬೇರೆ ಬೇರೆಯವರೇ ಎಂದೂ ನೋಡಬೇಕು. ಎರಡು ಸಾಧನ ಒಬ್ಬರ ಡ್ರಾಯರಿನಲ್ಲೇ ಇದ್ದರೆ ಎರಡು ಸಹಿಯ ನಿಯಮ ಕಾಗದಕ್ಕಷ್ಟೇ.

ಕೀಗಳನ್ನು ಮತ್ತೆ ಹುಟ್ಟಿಸಬಲ್ಲ ಸೀಡ್ ಪದಗಳ ನಕಲು ಇನ್ಯಾರ ಬಳಿಯೂ ಇಲ್ಲ ಎಂಬುದನ್ನು ಯಾವ ಪರೀಕ್ಷೆಯೂ ಸಾಬೀತು ಮಾಡದು. ಅದಕ್ಕೆ ವ್ಯಾಲೆಟ್ ಸೃಷ್ಟಿಸಿದ ದಿನದ ದಾಖಲೆ, ಆಗ ಕೋಣೆಯಲ್ಲಿ ಯಾರಿದ್ದರು, ಅವರಲ್ಲಿ ಯಾರು ಕೆಲಸ ಬಿಟ್ಟರು, ಬಿಟ್ಟಮೇಲೆ ಹಣವನ್ನು ಹೊಸ ಕೀಗಳಿಗೆ ಸರಿಸಿದರೇ ಎಂದು ಕೇಳಬೇಕು. ಸಮರ್ಪಕ ಉತ್ತರ ವಿರಳ.

ಪರೀಕ್ಷೆ ಮೇ ತಿಂಗಳಲ್ಲಿ, ಲೆಕ್ಕ ಮಾರ್ಚ್ 31ರದ್ದು. ಹಾಗಾಗಿ ಹಿಂದಕ್ಕೆ ಎಣಿಸಬೇಕು. ನಮ್ಮ ಮಾದರಿಯಲ್ಲಿ ಪರೀಕ್ಷೆಗೆ ಮುಂಚೆ 3.5 ಇದೆ, ಏಪ್ರಿಲ್ 3ರಂದು 1.5 ಹೊರಹೋಗಿದೆ. ಕೂಡಿದರೆ 5, ಪುಸ್ತಕಕ್ಕೆ ತಾಳೆ. ಇಲ್ಲಿಗೆ ಟಿಕ್ ಹಾಕಿ ಎದ್ದರೆ ಕೆಟ್ಟಿತು. ವರ್ಷಾಂತ್ಯದ ಆಚೀಚೆ ವಾರಗಳ ಚಲನೆ ನೋಡಿದರೆ ಮಾರ್ಚ್ 29ರಂದು ಒಂದು ವಿಳಾಸದಿಂದ 1.5 ಬಂದು, ಏಪ್ರಿಲ್ 3ರಂದು ಅದೇ ವಿಳಾಸಕ್ಕೆ ವಾಪಸು ಹೋಗಿದೆ. ಖರೀದಿಯ ಬಿಲ್ ಇಲ್ಲ, ಬ್ಯಾಂಕಿನಿಂದ ರೂಪಾಯಿ ಹೋಗಿಲ್ಲ. ಕೀಗಳು ಕಂಪನಿಯ ಕೈಯಲ್ಲೇ ಇದ್ದವು, ಆದರೆ ನಾಣ್ಯ ಕಂಪನಿಯದ್ದಲ್ಲ, ಕೈಗಡ. ಮಾಲೀಕತ್ವಕ್ಕೆ ಪುರಾವೆ ಬ್ಲಾಕ್‌ಚೈನಿನ ಹೊರಗೇ ಇರುತ್ತದೆ: ಬೋರ್ಡ್ ನಿರ್ಣಯ, ಬ್ಯಾಂಕ್ ಪಾವತಿ, ಖರೀದಿ ದಾಖಲೆ.

ಎಕ್ಸ್‌ಚೇಂಜಿನ 3ಕ್ಕೆ ನಾವೇ ಪತ್ರ ಬರೆದು ಉತ್ತರ ನೇರ ನಮಗೇ ಬರುವಂತೆ ಮಾಡುತ್ತೇವೆ. ಖಾತೆ ಯಾವ ಪ್ಯಾನ್‌ನಲ್ಲಿದೆ ಎಂದೂ ಅದರಲ್ಲೇ ಕೇಳಿ, ನಿರ್ದೇಶಕರ ಸ್ವಂತ ಪ್ಯಾನ್‌ನಲ್ಲಿ ತೆರೆದ ಖಾತೆಗಳು ಸಿಗುತ್ತವೆ. ಮಾರಾಟವಾಗಿದ್ದರೆ ಕಡಿದ 1% ಟಿಡಿಎಸ್ ಯಾರ ಪ್ಯಾನ್‌ಗೆ ಜಮೆಯಾಗಿದೆ ಎಂಬುದು ಒಳ್ಳೆಯ ಸುಳಿವು. ಹಿಂಪಡೆಯಲು ಅಡ್ಡಿ ಇದೆಯೇ ಎಂಬ ಪ್ರಶ್ನೆಯೂ ಇರಲಿ. 2024ರ ಜುಲೈನಲ್ಲಿ ವಜೀರ್‌ಎಕ್ಸ್ ಎಕ್ಸ್‌ಚೇಂಜಿನಲ್ಲಿ ಕಳವಾಗಿ ಹಿಂಪಡೆಯುವಿಕೆ ನಿಂತಾಗ, ಪರದೆಯ ಮೇಲಿನ ಬ್ಯಾಲೆನ್ಸ್ ಬೇರೆ, ಸಿಗುವ ಹಣ ಬೇರೆ ಆಗಿತ್ತು. ನಮ್ಮ ಮಾದರಿಯಲ್ಲಿ ಈ 3 ಸರಿ ಇದೆ ಎನ್ನಿ. ವ್ಯಾಲೆಟ್ಟಿನ 3.5 ಸೇರಿ ಕಂಪನಿಯದ್ದೆಂದು ಉಳಿದದ್ದು 6.5.

ಮೌಲ್ಯಕ್ಕೆ ಬಂದರೆ, ಹೂಡಿಕೆಗೆಂದು ಇಟ್ಟ ಕ್ರಿಪ್ಟೊ ಭಾರತೀಯ ಲೆಕ್ಕಪತ್ರ ಮಾನದಂಡವಾದ ಇಂಡ್ ಎಎಸ್ 38ರ ಅಮೂರ್ತ ಆಸ್ತಿ. ಸಾಮಾನ್ಯವಾಗಿ ಖರೀದಿ ಬೆಲೆಯಲ್ಲಿ ನಿಲ್ಲಿಸಿ, ಬೆಲೆ ಇಳಿದಿದ್ದರೆ ಇಂಡ್ ಎಎಸ್ 36ರಂತೆ ಇಳಿಸಬೇಕು. ಇಲ್ಲಿ ಎಡವುವುದು ಗಡಿಯಾರದ ವಿಷಯದಲ್ಲಿ. ಈ ಮಾರುಕಟ್ಟೆ ಮುಚ್ಚುವುದೇ ಇಲ್ಲ. ಬೆಲೆ ತಾಣಗಳು ಮಾರ್ಚ್ 31ರ ‘ಮುಕ್ತಾಯ ಬೆಲೆ’ ಎಂದು ಕೊಡುವುದು ಬಹುಪಾಲು ಯುಟಿಸಿ ಮಧ್ಯರಾತ್ರಿಯದ್ದು, ಅಂದರೆ ನಮ್ಮ ಏಪ್ರಿಲ್ 1ರ ಬೆಳಗಿನ 5.30. ನಮಗೆ ಬೇಕಾದದ್ದು ಮಾರ್ಚ್ 31ರ 18.30 ಯುಟಿಸಿ ಬೆಲೆ. ಒಂದು ಬಿಟ್‌ಕಾಯಿನ್‌ಗೆ ಖರೀದಿ 78 ಲಕ್ಷ, ರಾತ್ರಿ 12ಕ್ಕೆ 71 ಲಕ್ಷ, ಬೆಳಗ್ಗೆ 73 ಲಕ್ಷ ಎಂದುಕೊಂಡರೆ, 6.5ಕ್ಕೆ ಇಳಿಕೆ 45.5 ಲಕ್ಷವಾಗಬೇಕಾದದ್ದು 32.5 ಲಕ್ಷವಾಗುತ್ತದೆ. ಬೆಲೆಯನ್ನು ಕಂಪನಿ ನಿಜಕ್ಕೂ ಮಾರಬಲ್ಲ ಮುಖ್ಯ ಮಾರುಕಟ್ಟೆಯಿಂದ ತೆಗೆಯಿರಿ. ವಿದೇಶಿ ಡಾಲರ್ ಬೆಲೆಯನ್ನು ರೂಪಾಯಿಗೆ ಗುಣಿಸಿದರೆ ಇಲ್ಲಿನ ಬೆಲೆಗೆ ಸಮ ಬರುವುದಿಲ್ಲ. ಮಾರಾಟ ಖರ್ಚು ಎಂದು ಎಕ್ಸ್‌ಚೇಂಜ್ ಶುಲ್ಕ ಕಳೆಯಬಹುದು, ಟಿಡಿಎಸ್ ಕಳೆಯುವಂತಿಲ್ಲ, ಅದು ಮೊದಲೇ ಕಟ್ಟಿದ ತೆರಿಗೆಯಷ್ಟೆ.

ಕಂಪನಿ ಕಾಯ್ದೆಯ 3ನೇ ಷೆಡ್ಯೂಲ್ 2021ರ ಏಪ್ರಿಲ್‌ನಿಂದ ಕ್ರಿಪ್ಟೊ ವಿಷಯದಲ್ಲಿ ವರ್ಷದ ಲಾಭನಷ್ಟ, ವರ್ಷಾಂತ್ಯಕ್ಕೆ ಇರುವ ಮೊತ್ತ, ವ್ಯಾಪಾರ ಅಥವಾ ಹೂಡಿಕೆಗೆಂದು ಪಡೆದ ಠೇವಣಿ ಮತ್ತು ಮುಂಗಡ ಮೂರನ್ನೂ ತೋರಿಸಲು ಹೇಳುತ್ತದೆ. ಆ 1.5 ಎರಡನೇ ಸಾಲಿನಿಂದ ತೆಗೆದುಹಾಕಬೇಕಾದದ್ದು. ಕೊಟ್ಟವರು ಯಾರೆಂದು ತಿಳಿಯುವವರೆಗೆ ಮೂರನೆಯದಕ್ಕೆ ಸೇರುತ್ತದೋ ಇಲ್ಲವೋ ಎಂಬುದನ್ನು ಬಾಕಿ ಇಡುತ್ತೇನೆ.