ಹರಾಜು ನೋಟಿಸ್ ಪ್ರಕಟವಾದ ಮೇಲೂ ಮನೆ ಉಳಿಸಿದ ನನ್ನ ಅನುಭವ

ಸರ್ಫೇಸಿ ಕಾಯ್ದೆಯಲ್ಲಿ ಬ್ಯಾಂಕು ಕೋರ್ಟಿಗೆ ಹೋಗದೆಯೇ ಅಡವಿಟ್ಟ ಆಸ್ತಿಯನ್ನು ಹರಾಜು ಹಾಕಬಹುದು. ಬಾಕಿ ಕಟ್ಟಿ ಆಸ್ತಿ ಬಿಡಿಸಿಕೊಳ್ಳುವ ಅದರ ಸೆಕ್ಷನ್ 13(8), 2016ರ ತಿದ್ದುಪಡಿ ಬಂದ ಮೇಲೆ ಸಾಲಗಾರನ ಪಾಲಿಗೆ ಬಿಗಿಯಾಯಿತು. ಪೇಪರಿನಲ್ಲಿ ಹರಾಜು ಪ್ರಕಟಣೆ ಬರುವುದರೊಳಗೆ ಪೂರ್ತಿ ಬಾಕಿ ಕಟ್ಟಬೇಕು. 2023ರಲ್ಲಿ ಸುಪ್ರೀಂ ಕೋರ್ಟ್ ಬಾಫ್ನಾ ಮೋಟಾರ್ಸ್ ಪ್ರಕರಣದಲ್ಲಿ ಅದನ್ನೇ ಗಟ್ಟಿ ಮಾಡಿತು. ಅದಕ್ಕೇ ತುಮಕೂರಿನ ಈ ಫೈಲ್ ಹಿಡಿದಾಗ ಜೊತೆಯ ವಕೀಲರೆಲ್ಲ, "ಪೇಪರ್‌ನಲ್ಲಿ ಬಂದಾಯ್ತಲ್ವಾ ಸಾರ್, ಇನ್ನೇನು ಉಳಿದಿದೆ?" ಅಂದರು. ನಾನು ನೋಡಿದ್ದು ಬೇರೆ. ಆ ಪ್ರಕಟಣೆಯೇ ನಿಯಮದಂತೆ ಇಲ್ಲದಿದ್ದರೆ?

ಕಕ್ಷಿದಾರರದ್ದು ಫ್ಯಾಬ್ರಿಕೇಷನ್ ಶೆಡ್. ಸಿಸಿ, ಅಂದರೆ ಕ್ಯಾಶ್ ಕ್ರೆಡಿಟ್ ಸಾಲಕ್ಕೆ ಮನೆ ಅಡವಿಟ್ಟಿದ್ದರು. ಬಾಕಿ ಕಟ್ಟಿ ಎನ್ನುವ 13(2) ನೋಟಿಸಿನಲ್ಲಿ ಬ್ಯಾಂಕಿನವರು ಸುಮಾರು 38 ಲಕ್ಷ ಕೇಳಿದ್ದರು. ನನ್ನ ಹತ್ತಿರ ಬರುವ ಮೊದಲೇ ಅವರು ಎರಡು ಕಡೆ ದುಡ್ಡು ಕಳೆದಿದ್ದರು. ಸಿವಿಲ್ ಕೋರ್ಟಿನಲ್ಲಿ ಹಾಕಿದ ದಾವೆ, ಇಂಥದ್ದು ಸಿವಿಲ್ ಕೋರ್ಟಿಗೆ ಬರುವಂತಿಲ್ಲ ಎನ್ನುವ ಸೆಕ್ಷನ್ 34ರ ಕಾರಣಕ್ಕೆ ಹೋಯಿತು. ಹೈಕೋರ್ಟಿನ ರಿಟ್ ಅರ್ಜಿಗೆ ಸಾಲ ವಸೂಲಾತಿ ನ್ಯಾಯಮಂಡಳಿಯಾದ ಡಿಆರ್‌ಟಿಗೆ ಹೋಗಿ ಎಂಬ ಆದೇಶ ಬಂತು. ಎರಡಕ್ಕೂ ಸೇರಿ ಒಂದೂವರೆ ಲಕ್ಷದ ಹತ್ತಿರ ಖರ್ಚಾಗಿತ್ತು. ಡಿಆರ್‌ಟಿಯಲ್ಲಿ ಬ್ಯಾಂಕಿನ ಕ್ರಮವನ್ನು ಪ್ರಶ್ನಿಸುವ ಸೆಕ್ಷನ್ 17ರ ಅರ್ಜಿಗೆ ಬಿದ್ದ ಶುಲ್ಕ 12 ಸಾವಿರ ಅಷ್ಟೇ.

ಸ್ವಾಧೀನದ ನೋಟಿಸ್ ಬಂದು, ಅದನ್ನು ಪ್ರಶ್ನಿಸಲು ಇರುವ 45 ದಿನ ದಾಟಿತ್ತು. ಅದನ್ನು ಮುಟ್ಟಲೇ ಇಲ್ಲ. ಹರಾಜು ನೋಟಿಸ್ ಹೊಸ ಕ್ರಮ, ಅದಕ್ಕೆ ಹೊಸದಾಗಿ 45 ದಿನ ಸಿಗುತ್ತದೆ. ಇಡೀ ಅರ್ಜಿಯನ್ನು ಅದರ ಮೇಲೇ ನಿಲ್ಲಿಸಿದೆ.

ನೋಟಿಸನ್ನು ಮೇಜಿನ ಮೇಲೆ ಹರಡಿ ದಿನಾಂಕಗಳನ್ನು ಬರೆದುಕೊಂಡೆ. ಪೇಪರಿನಲ್ಲಿ ಬಂದದ್ದು ತಿಂಗಳ 3ನೇ ತಾರೀಖು. ಹರಾಜು 31ಕ್ಕೆ. ನಡುವೆ 28 ದಿನ. ಈ ಕಾಯ್ದೆಯಡಿಯ ನಿಯಮ 9(1)ರಂತೆ ಮೊದಲ ಹರಾಜಿಗೆ 30 ದಿನ ಬೇಕು. ನಿಯಮ 8(6)ರಂತೆ ಸಾಲಗಾರನಿಗೂ 30 ದಿನದ ನೋಟಿಸ್ ಕೊಡಬೇಕು. ಇವರ ಕೈಗೆ ಅಂಚೆ ತಲುಪಿದ್ದು 8ನೇ ತಾರೀಖು, ಅಂದರೆ 23 ದಿನ ಮಾತ್ರ. ಸ್ಪೀಡ್ ಪೋಸ್ಟ್ ಟ್ರ್ಯಾಕಿಂಗ್ ಹಾಳೆಯನ್ನು ಆವತ್ತೇ ತೆಗೆದು ಇಟ್ಟುಕೊಂಡೆ. ಅದು ವೆಬ್‌ಸೈಟಿನಲ್ಲಿ ಜಾಸ್ತಿ ದಿನ ಇರುವುದಿಲ್ಲ. ಇದರ ಜೊತೆಗೆ ಚೆಕ್ಕುಬಂದಿಯಲ್ಲಿ ಪೂರ್ವ ಪಶ್ಚಿಮ ಅದಲುಬದಲಾಗಿತ್ತು. ರಿಸರ್ವ್ ಬೆಲೆ 41 ಲಕ್ಷ ಇಟ್ಟಿದ್ದರು. ಆ ಬೀದಿಯಲ್ಲಿ ಅಂಥ ಮನೆಗೆ 65 ಲಕ್ಷಕ್ಕೆ ಕಡಿಮೆ ಇಲ್ಲ. ಮೌಲ್ಯಮಾಪಕರ ವರದಿಯ ಪ್ರತಿ ಹೇಗೆ ಸಿಕ್ಕಿತು ಅನ್ನುವುದನ್ನು ಮಾತ್ರ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ.

ತಡೆಯಾಜ್ಞೆ ಪುಕ್ಕಟೆ ಸಿಗಲಿಲ್ಲ. ಹರಾಜಿಗೆ ಮುಂಚೆ ಹತ್ತು ಲಕ್ಷ ಕಟ್ಟಿ ಅಂತ ಡಿಆರ್‌ಟಿಯವರು ಅಂದರು. ಹೆಂಡತಿಯ ಒಡವೆ, ಭಾವಮೈದುನನ ಚೀಟಿ ಹಣ, ಎಲ್ಲ ಸೇರಿಸಿ ಕಟ್ಟಿದರು. ನೋಟಿಸನ್ನು ಮೊದಲೇ ಅಂಚೆಗೆ ಹಾಕಿದ್ದೇವೆ, ಅದೇ ಸಾಕು ಎಂಬುದು ಬ್ಯಾಂಕಿನ ವಾದ. ನಾನು ಸುಪ್ರೀಂ ಕೋರ್ಟಿನ 2014ರ ಮ್ಯಾಥ್ಯೂ ವರ್ಗೀಸ್ ತೀರ್ಪು ಮುಂದಿಟ್ಟೆ. ಸಾಲಗಾರನಿಗೆ ಪೂರ್ತಿ 30 ದಿನ ಸಿಗಲೇಬೇಕು ಅಂತ ಅದರಲ್ಲಿದೆ.

ಇದರ ನಡುವೆ ಇನ್ನೊಂದು ಫೈಲಿನಲ್ಲಿ ಬೇರೆ ಪ್ರಯೋಗವೂ ಮಾಡಿ ನೋಡಿದೆ. ಕೃಷಿ ಜಮೀನಿಗೆ ಈ ಕಾಯ್ದೆ ತಾಗುವುದಿಲ್ಲ, ಸೆಕ್ಷನ್ 31(ಐ). ಪಹಣಿಯಲ್ಲಿ ತೆಂಗು ಅಂತ ಇತ್ತು, ನೆಲದ ಮೇಲೆ ಇಟ್ಟಿಗೆ ಗೂಡು. ಬ್ಯಾಂಕಿನವರು ಫೋಟೋ ತಂದು ತೋರಿಸಿದರು, ಅಲ್ಲಿಗೆ ಮುಗಿಯಿತು. ನಿಜವಾಗಿ ಉಳುಮೆ ಇಲ್ಲದಿದ್ದರೆ ಪಹಣಿ ಒಂದೇ ಸಾಲದು.

ಈ ಅರ್ಜಿಗಳು 60 ದಿನದಲ್ಲಿ, ಹೆಚ್ಚೆಂದರೆ ನಾಲ್ಕು ತಿಂಗಳಲ್ಲಿ ಮುಗಿಯಬೇಕು ಅಂತ ಕಾಯ್ದೆಯಲ್ಲಿದೆ. ನಮ್ಮದಕ್ಕೆ ಎಂಟೊಂಬತ್ತು ತಿಂಗಳು ಹಿಡಿಯಿತು. ಬಡ್ಡಿ ತಿಂಗಳಿಗೆ 35 ಸಾವಿರದ ಮೇಲೆ ಓಡುತ್ತಿತ್ತು. ಹಾಗಾಗಿ ಸುಮ್ನೆ ಆದೇಶಕ್ಕೆ ಕಾಯುತ್ತಾ ಕೂರಲಿಲ್ಲ. ಅಡವಿಡದ ಸೈಟು ಒಂದು ಶಿರಾದಲ್ಲಿ ಹೆಂಡತಿಯ ಹೆಸರಲ್ಲಿತ್ತು. ಅದಕ್ಕೆ ಕೊಳ್ಳುವವರನ್ನು ಹುಡುಕಿ ಕರಾರು ಮಾಡಿಸಿ ಇಟ್ಟೆವು. ಅಡವಿಟ್ಟ ಮನೆಯನ್ನೇ ಮಾರೋಣ ಅಂದರೆ 13(13) ಅಡ್ಡ ಬರುತ್ತದೆ, ಬ್ಯಾಂಕಿನ ಲಿಖಿತ ಒಪ್ಪಿಗೆ ಬೇಕು.

ಹರಾಜು ನೋಟಿಸ್ ರದ್ದಾಯಿತು. ರದ್ದಾದ ಪ್ರಕಟಣೆಗೆ ಬೆಲೆ ಇಲ್ಲ, ಹೊಸದು ಬರುವ ತನಕ ಬಿಡಿಸಿಕೊಳ್ಳುವ ಹಕ್ಕು ಇದೆ ಎಂಬ ನನ್ನ ವಾದ ನಿಂತಿತು. ಹಿಂದೆ ನಕ್ಕವರೇ ಈಗ ಆ ಆದೇಶದ ಪ್ರತಿ ಕೇಳುತ್ತಾರೆ. ಬ್ಯಾಂಕ್ ಮತ್ತೆ ಪೇಪರಿಗೆ ಕೊಡುವ ಮುಂಚೆ ಸೈಟಿನ ದುಡ್ಡಿನಿಂದ ಉಳಿದ 32 ಲಕ್ಷ ಚಿಲ್ಲರೆಗೆ ಡಿಡಿ ತೆಗೆಸಿದೆವು. ಅಸಲು, ಬಡ್ಡಿ, ಖರ್ಚು ಎಲ್ಲ ಸೇರಿದ ಲೆಕ್ಕ ಅದು. ಪತ್ರದಲ್ಲಿ 13(8) ಎಂದು ಸ್ಪಷ್ಟವಾಗಿ ಬರೆದು, ಪ್ರತಿಯ ಮೇಲೆ ಸೀಲು, ತಾರೀಖು, ಸಮಯ ಹಾಕಿಸಿಕೊಂಡೆ.

ಒಂದು ಮಿತಿ ಹೇಳಬೇಕು. ಮೊದಲ ಹರಾಜಿನಲ್ಲಿ ಯಾರೂ ಕೂಗದೆ ಎರಡನೇ ಸಲ ಇಟ್ಟಿದ್ದರೆ 15 ದಿನದ ನೋಟಿಸ್ ಸಾಕು, ಆಗ ಈ 30 ದಿನದ ಲೆಕ್ಕ ನಡೆಯುವುದಿಲ್ಲ. ಡಿಆರ್‌ಟಿಯಲ್ಲಿ ಸೋತರೆ ಚೆನ್ನೈನ ಮೇಲ್ಮನವಿ ನ್ಯಾಯಮಂಡಳಿಗೆ ಹೋಗಲು ಸಾಲದ ಅರ್ಧ ಹಣ ಠೇವಣಿ ಇಡಬೇಕು. ಕಾಲು ಭಾಗಕ್ಕಿಂತ ಕೆಳಗೆ ಅವರೂ ಇಳಿಸುವ ಹಾಗಿಲ್ಲ. ಕಕ್ಷಿದಾರರಿಗೆ ಇದನ್ನು ಮೊದಲ ದಿನವೇ ಹೇಳಿಬಿಡಿ.