ಲಾಭ ಆರೂವರೆ ಲಕ್ಷ, ಬ್ಯಾಂಕಿನಲ್ಲಿ ಎಪ್ಪತ್ತು ಸಾವಿರ: ಮಿಕ್ಕ ಹಣ ಎಲ್ಲಿ ಹೋಯಿತು?

ಮಲೆನಾಡಿನ ಒಂದು ಊರಿನಲ್ಲಿ ಅಡಿಕೆ ಹಾಳೆ ತಟ್ಟೆ ಮಾಡುವ ಪುಟ್ಟ ಘಟಕವಿದೆ. ಅದನ್ನು ನಡೆಸುವ ಹೆಣ್ಣುಮಗಳಿಗೆ ವರ್ಷದ ಲೆಕ್ಕ ಬರೆದುಕೊಡುವವನು ನಾನು. ಏಪ್ರಿಲ್‌ನಲ್ಲಿ ಲಾಭ-ನಷ್ಟದ ಲೆಕ್ಕ ಮುಗಿಸಿ ಕೈಗಿಟ್ಟಾಗ ಅವರು ಕೊನೆಯ ಸಾಲನ್ನು ಎರಡು ಸಲ ಓದಿದರು. ಆಮೇಲೆ ಮೊಬೈಲಿನಲ್ಲಿ ಬ್ಯಾಂಕಿನ ಸಂದೇಶ ತೆರೆದು ನನ್ನ ಮುಂದೆ ಹಿಡಿದರು. ‘ಆರು ಲಕ್ಷದ ಅರವತ್ತು ಸಾವಿರ ಲಾಭ ಅಂತ ಬರೆದಿದೀರಿ ಸಾರ್. ಹಾಗಾದ್ರೆ ಶನಿವಾರದ ಕೂಲಿ ಕೊಡೋಕೆ ನಾನ್ಯಾಕೆ ತಮ್ಮನ ಹತ್ರ ಕೈಗಡ ಕೇಳ್ಬೇಕು?’

ಅವರ ಲೆಕ್ಕದಲ್ಲಿ ತಪ್ಪಿರಲಿಲ್ಲ, ಯಾರೂ ಹಣ ಕದ್ದಿರಲೂ ಇಲ್ಲ. ಆ ಪ್ರಶ್ನೆಗೆ ರೂಪಾಯಿ ರೂಪಾಯಿಯ ಉತ್ತರ ಕೊಡುವ ಒಂದು ಪುಟದ ಲೆಕ್ಕವಿದೆ. ಅದನ್ನೇ ಕ್ಯಾಶ್ ಫ್ಲೋ ಸ್ಟೇಟ್‌ಮೆಂಟ್, ಅಂದರೆ ನಗದು ಹರಿವಿನ ಪಟ್ಟಿ ಎನ್ನುತ್ತಾರೆ. 2013ರ ಕಂಪನಿ ಕಾಯ್ದೆಯ ಪ್ರಕಾರ ಸಣ್ಣ ಕಂಪನಿ, ಒಬ್ಬರದೇ ಕಂಪನಿ ಮುಂತಾದವನ್ನು ಬಿಟ್ಟು ಉಳಿದ ಕಂಪನಿಗಳು ಇದನ್ನು ಮಾಡಲೇಬೇಕು. ಇವರದು ಸ್ವಂತ ಮಾಲೀಕತ್ವದ ಘಟಕವಾದ್ದರಿಂದ ಕಡ್ಡಾಯವೇನೂ ಇರಲಿಲ್ಲ. ಆದರೂ ಆ ಮಧ್ಯಾಹ್ನ ಅವರ ಮೇಜಿನ ಮೇಲೇ ಕೂತು ಮಾಡಿದೆವು. ಅದೇ ಲೆಕ್ಕವನ್ನು ಅಂಕಿಗಳನ್ನು ದುಂಡಾಗಿಸಿ ಇಲ್ಲಿ ಬಿಡಿಸುತ್ತೇನೆ.

ಮೊದಲು ಅರಿಯಬೇಕಾದ ವ್ಯತ್ಯಾಸ

ತಟ್ಟೆಯ ಬಂಡಲ್‌ಗಳು ಬಿಲ್ಲಿನೊಂದಿಗೆ ಗಾಡಿ ಹತ್ತಿದ ದಿನವೇ ಅದು ಮಾರಾಟ. ಹಣ ಮೂರು ತಿಂಗಳು ಬಿಟ್ಟು ಬಂದರೂ ಲಾಭದ ಲೆಕ್ಕಕ್ಕೆ ಅಂದೇ ಸೇರುತ್ತದೆ. ಹಾಳೆ ಕೊಂಡ ಹಣ ಇಂದೇ ಕೈಬಿಟ್ಟಿರಬಹುದು. ಆದರೆ ಆ ಹಾಳೆ ತಟ್ಟೆಯಾಗಿ ಮಾರಾಟವಾಗುವ ತನಕ ಅದು ಖರ್ಚಲ್ಲ, ದಾಸ್ತಾನು. ಹೀಗೆ ಲಾಭದ ಲೆಕ್ಕ ಈ ವರ್ಷದ ಮಾರಾಟವನ್ನು ಅದಕ್ಕೆ ತಗುಲಿದ ವೆಚ್ಚದ ಪಕ್ಕದಲ್ಲಿಟ್ಟು ನೋಡುತ್ತದೆ. ಹಣ ಯಾವ ದಿನ ಬಂತು, ಯಾವ ದಿನ ಹೋಯಿತು ಎಂದು ಅದು ಕೇಳುವುದೇ ಇಲ್ಲ. ಕೂಲಿಯಾಳು, ಬ್ಯಾಂಕಿನ ಕಂತು, ಕರೆಂಟ್ ಬಿಲ್ ಕೇಳುವುದು ಆ ದಿನಾಂಕವನ್ನೇ.

ಲೆಕ್ಕಕ್ಕೆ ಬೇಕಾದ ಕಾಗದ

ಮೂರು ಸಾಕು: ಈ ವರ್ಷದ ಲಾಭ-ನಷ್ಟದ ಲೆಕ್ಕ, ಹಿಂದಿನ ಮಾರ್ಚ್ 31 ಮತ್ತು ಈ ಮಾರ್ಚ್ 31ರ ಎರಡು ಬ್ಯಾಲೆನ್ಸ್ ಶೀಟ್, ಅಂದರೆ ಆ ದಿನ ಇದ್ದ ಆಸ್ತಿ ಮತ್ತು ಸಾಲಗಳ ಪಟ್ಟಿ, ಮತ್ತು ಬ್ಯಾಂಕಿನ ಪಾಸ್‌ಬುಕ್. ಇವರ ಲಾಭದ ಲೆಕ್ಕ ಹೀಗಿತ್ತು. ಮಾರಾಟ 40 ಲಕ್ಷ. ಅದರಲ್ಲಿ ಬಳಕೆಯಾದ ಕಚ್ಚಾಮಾಲು 18 ಲಕ್ಷ. ಕೂಲಿ, ಕರೆಂಟು, ಸಾಗಣೆ ಸೇರಿ 13 ಲಕ್ಷ. ಯಂತ್ರಗಳ ಸವಕಳಿ 1.5 ಲಕ್ಷ, ಸಾಲದ ಬಡ್ಡಿ 90 ಸಾವಿರ. ಉಳಿದದ್ದು 6,60,000. ಬ್ಯಾಂಕು ಮತ್ತು ಕೈಯಲ್ಲಿದ್ದ ನಗದು ವರ್ಷದ ಆರಂಭದಲ್ಲಿ 4,50,000 ಇದ್ದದ್ದು ಕೊನೆಗೆ 70,000ಕ್ಕೆ ಇಳಿದಿತ್ತು.

ಅಂದರೆ ಲಾಭ ಬಂದ ವರ್ಷವೇ ಕೈಯ ಹಣ 3,80,000 ಕಡಿಮೆಯಾಗಿದೆ. ಈ −3,80,000 ಎಂಬ ಅಂಕಿಯನ್ನು ಹಾಳೆಯ ಅಡಿಯಲ್ಲಿ ಮೊದಲೇ ಬರೆದಿಟ್ಟುಕೊಳ್ಳಿ. ನಾವು ತಲುಪಬೇಕಾದ ಉತ್ತರ ಅದು, ಒಂದು ರೂಪಾಯಿ ಹೆಚ್ಚುಕಡಿಮೆ ಆಗುವಂತಿಲ್ಲ.

ಹೆಜ್ಜೆ 1: ಹಣ ಹೋಗದ ಖರ್ಚನ್ನು ವಾಪಸ್ ಕೂಡಿಸಿ

ಲಾಭದಿಂದ ಶುರು ಮಾಡಿ. ಸವಕಳಿ ಎಂದು 1.5 ಲಕ್ಷ ಕಳೆದಿದ್ದೇವೆ. ಆದರೆ ಆ ಹೆಸರಿನಲ್ಲಿ ಈ ವರ್ಷ ಯಾರಿಗೂ ಹಣ ಕೊಟ್ಟಿಲ್ಲ. ಯಂತ್ರ ಕೊಂಡ ವರ್ಷವೇ ಹಣ ಹೋಗಿತ್ತು, ಈಗ ಅದರ ಬೆಲೆಯ ಒಂದು ಪಾಲನ್ನು ಖರ್ಚಿಗೆ ಬರೆಯುತ್ತಿದ್ದೇವೆ ಅಷ್ಟೆ. ಹಾಗಾಗಿ ಅದನ್ನು ಕೂಡಿಸಬೇಕು.

ಬಡ್ಡಿಯ 90 ಸಾವಿರವನ್ನೂ ಇಲ್ಲಿ ಕೂಡಿಸುತ್ತೇವೆ, ಕಾರಣ ಮಾತ್ರ ಬೇರೆ. ಬಡ್ಡಿ ನಿಜವಾಗಿ ಕೈಬಿಟ್ಟ ಹಣವೇ. ಆದರೆ ಅದು ತಟ್ಟೆ ಮಾಡಿದ್ದಕ್ಕೆ ಆದ ಖರ್ಚಲ್ಲ, ಸಾಲ ಮಾಡಿದ್ದಕ್ಕೆ ಆದ ಖರ್ಚು. ಇಲ್ಲಿ ಎತ್ತಿ, ಕೆಳಗೆ ಸಾಲದ ವಿಭಾಗದಲ್ಲಿ ಕಳೆಯುತ್ತೇವೆ. ಎತ್ತಿದ್ದನ್ನು ಕೆಳಗೆ ಕಳೆಯಲು ಮರೆಯುವುದು ಹೊಸಬರು ಅತಿ ಹೆಚ್ಚು ಮಾಡುವ ತಪ್ಪು. ಉತ್ತರದಲ್ಲಿ ಸರಿಯಾಗಿ ಬಡ್ಡಿಯಷ್ಟೇ ವ್ಯತ್ಯಾಸ ಬಂದರೆ ಇದೇ ಆಗಿದೆ ಎಂದು ತಿಳಿಯಿರಿ.

6,60,000 + 1,50,000 + 90,000 = 9,00,000.

ಹೆಜ್ಜೆ 2: ಉದ್ರಿ, ದಾಸ್ತಾನು, ಕೊಡಬೇಕಾದ ಬಾಕಿ

ಕಥೆಯೆಲ್ಲ ಇರುವುದು ಇಲ್ಲಿ. ಎರಡು ಬ್ಯಾಲೆನ್ಸ್ ಶೀಟ್‌ಗಳನ್ನು ಪಕ್ಕಪಕ್ಕ ಇಟ್ಟು ಮೂರು ಸಾಲುಗಳನ್ನು ಹೋಲಿಸಬೇಕು.

ಗಿರಾಕಿಗಳಿಂದ ಬರಬೇಕಾದ ಬಾಕಿ 4 ಲಕ್ಷ ಇದ್ದದ್ದು 9.5 ಲಕ್ಷ ಆಗಿತ್ತು. ಏರಿದ್ದು 5.5 ಲಕ್ಷ. ಇಷ್ಟು ಮೊತ್ತವನ್ನು ಮಾರಾಟವೆಂದು ಬರೆದು ಲಾಭಕ್ಕೆ ಸೇರಿಸಿದ್ದೇವೆ, ಹಣ ಮಾತ್ರ ಗಿರಾಕಿಯ ಜೇಬಿನಲ್ಲೇ ಇದೆ. ಆದ್ದರಿಂದ ಕಳೆಯಿರಿ.

ದಾಸ್ತಾನು 2 ಲಕ್ಷದಿಂದ 4.8 ಲಕ್ಷಕ್ಕೆ ಏರಿತ್ತು. ಹಾಳೆಯ ವ್ಯಾಪಾರದಲ್ಲಿ ಇದಕ್ಕೊಂದು ಸಹಜ ಕಾರಣವಿದೆ. ಒಣ ಹಾಳೆ ಸಿಗುವುದು ಬೇಸಿಗೆಯಲ್ಲಿ, ಮಳೆ ಹಿಡಿಯುವ ಮುಂಚೆ. ಮಳೆಗಾಲವಿಡೀ ಯಂತ್ರ ಓಡಬೇಕಾದರೆ ಈಗಲೇ ಕೊಂಡು ಗೋದಾಮು ತುಂಬಬೇಕು. ಮಾರ್ಚ್ 31ಕ್ಕೆ ಲೆಕ್ಕ ಮುಗಿಸಿದರೆ ಹಣವೆಲ್ಲ ಹಾಳೆಯ ರೂಪದಲ್ಲಿ ಅಟ್ಟದ ತನಕ ಪೇರಿಸಿಕೊಂಡಿರುತ್ತದೆ. ಏರಿಕೆಯ 2.8 ಲಕ್ಷವನ್ನೂ ಕಳೆಯಿರಿ.

ಹಾಳೆ ತಂದುಕೊಟ್ಟ ತೋಟದವರಿಗೆ ಇವರು ಕೊಡಬೇಕಾದ ಬಾಕಿ 1.5 ಲಕ್ಷದಿಂದ 2.4 ಲಕ್ಷಕ್ಕೆ ಹೋಗಿತ್ತು. ಮಾಲು ಬಂದಿದೆ, ಹಣ ಇನ್ನೂ ಹೋಗಿಲ್ಲ. ಈ 90 ಸಾವಿರವನ್ನು ಕೂಡಿಸಬೇಕು.

ಕೂಡುವುದೋ ಕಳೆಯುವುದೋ ಎಂದು ಗೊಂದಲವಾದಾಗಲೆಲ್ಲ ನಾನು ಕೇಳಿಕೊಳ್ಳುವುದು ಒಂದೇ: ಈ ಬದಲಾವಣೆಯಿಂದ ಹಣ ನನ್ನಲ್ಲಿ ಉಳಿಯಿತೋ, ಇನ್ನೊಬ್ಬರಲ್ಲಿ ಸಿಕ್ಕಿಕೊಂಡಿತೋ? ಸೂತ್ರ ಬಾಯಿಪಾಠ ಮಾಡುವ ಅಗತ್ಯವೇ ಇಲ್ಲ.

9,00,000 − 5,50,000 − 2,80,000 + 90,000 = 1,60,000.

ತಟ್ಟೆ ವ್ಯಾಪಾರ ವರ್ಷವಿಡೀ ದುಡಿದು ತಂದ ನಿಜವಾದ ನಗದು ಇಷ್ಟೇ. ಇದು ಸರಿಯೇ ಎಂದು ನೋಡಲು ಇನ್ನೊಂದು ದಾರಿಯಿದೆ, ಪಾಸ್‌ಬುಕ್ಕಿನ ಕಡೆಯಿಂದ ಬರುವುದು. ಗಿರಾಕಿಗಳಿಂದ ಬಂದದ್ದು 40 ಲಕ್ಷದಲ್ಲಿ ಏರಿದ ಬಾಕಿ ಕಳೆದು 34,50,000. ಕೊಂಡ ಮಾಲು 18 ಲಕ್ಷದ ಬಳಕೆಗೆ ಹೆಚ್ಚಿದ ದಾಸ್ತಾನು ಸೇರಿ 20,80,000. ಅದರಲ್ಲಿ 90 ಸಾವಿರ ಬಾಕಿ ಉಳಿಸಿಕೊಂಡಿದ್ದರಿಂದ ಕೊಟ್ಟದ್ದು 19,90,000. ಕೂಲಿ ಮುಂತಾದ್ದಕ್ಕೆ 13 ಲಕ್ಷ. ಬಂದದ್ದರಲ್ಲಿ ಹೋದದ್ದನ್ನು ಕಳೆದರೆ ಮತ್ತೆ 1,60,000. ಎರಡು ದಾರಿಯೂ ಒಂದೇ ಕಡೆ ಸೇರಿದಾಗ ಆಕೆಯ ಮುಖದಲ್ಲಿ ಮೊದಲ ಸಲ ನಂಬಿಕೆ ಕಂಡೆ.

ಹೆಜ್ಜೆ 3: ಯಂತ್ರ, ಸಾಲ, ಮನೆ ಖರ್ಚು

ಆ ವರ್ಷ 4 ಲಕ್ಷ ಕೊಟ್ಟು ಹೊಸ ಪ್ರೆಸ್ ಯಂತ್ರ ಹಾಕಿಸಿದ್ದರು. ಲಾಭದ ಲೆಕ್ಕದಲ್ಲಿ ಈ 4 ಲಕ್ಷ ಎಲ್ಲೂ ಇಲ್ಲ, ಅದರ ಸವಕಳಿಯಷ್ಟೇ ಇದೆ. ಇದು ಹೂಡಿಕೆಯ ವಿಭಾಗ.

ಸಾಲದ ವಿಭಾಗದಲ್ಲಿ ನಾಲ್ಕು ಸಂಗತಿ. ಹೊಸ ಸಾಲ 3 ಲಕ್ಷ ಬಂತು. ಇದು ಆದಾಯವಲ್ಲದ್ದರಿಂದ ಲಾಭದಲ್ಲಿ ಕಾಣದು. ಹಳೆಯ ಸಾಲದ ಅಸಲು 1.1 ಲಕ್ಷ ತೀರಿಸಿದರು. ಇದು ಖರ್ಚಲ್ಲದ್ದರಿಂದ ಅದೂ ಕಾಣದು. ಮೇಲೆ ಎತ್ತಿಟ್ಟಿದ್ದ ಬಡ್ಡಿ 90 ಸಾವಿರ ಇಲ್ಲಿ ಕಳೆಯುತ್ತದೆ. ಕೊನೆಯದು ಮನೆ ಖರ್ಚಿಗೆ ತಿಂಗಳಿಗೆ 20 ಸಾವಿರದಂತೆ ತೆಗೆದ 2.4 ಲಕ್ಷ. ಮಾಲೀಕರೇ ತೆಗೆದ ಹಣ ಸಂಬಳವಲ್ಲ, ಹಾಗಾಗಿ ಅದೂ ಲಾಭದಿಂದ ಕಳೆದಿರುವುದಿಲ್ಲ.

ಈಗ ಪುಟ ಪೂರ್ತಿಯಾಯಿತು:

ವ್ಯಾಪಾರದಿಂದ ಬಂದ ನಗದು: +1,60,000
ಯಂತ್ರಕ್ಕೆ: −4,00,000
ಸಾಲ, ಬಡ್ಡಿ, ಮನೆ ಖರ್ಚು (3,00,000 − 1,10,000 − 90,000 − 2,40,000): −1,40,000
ನಗದಿನ ಒಟ್ಟು ಬದಲಾವಣೆ: −3,80,000

ಮೊದಲೇ ಅಡಿಯಲ್ಲಿ ಬರೆದಿಟ್ಟ ಅಂಕಿಗೆ ಸರಿಯಾಗಿ ಬಂದು ನಿಂತಿತು.

ಈ ಪುಟ ಓದುವುದು ಹೇಗೆ?

‘ಯಂತ್ರ ತಗೊಂಡಿದ್ದೇ ತಪ್ಪಾಯ್ತು’ ಎಂದರು ಅವರು. 4 ಲಕ್ಷ ಎದ್ದು ಕಾಣುವ ಅಂಕಿ, ಹಾಗನ್ನಿಸುವುದು ಸಹಜ. ಆದರೆ ಅದರಲ್ಲಿ 3 ಲಕ್ಷ ಸಾಲದಿಂದಲೇ ಬಂದಿತ್ತು. ನನ್ನ ಕಣ್ಣು ನಿಂತದ್ದು ಬೇರೆ ಕಡೆ. ವ್ಯಾಪಾರ ತಂದ ನಗದು 1.6 ಲಕ್ಷ, ಅಸಲು ಮತ್ತು ಬಡ್ಡಿಗೆ ಹೋದದ್ದು 2 ಲಕ್ಷ. ಮನೆಗೆ ಒಂದು ರೂಪಾಯಿ ಒಯ್ಯದಿದ್ದರೂ ಕಂತಿಗೆ 40 ಸಾವಿರ ಸಾಲುತ್ತಿರಲಿಲ್ಲ. ಲಾಭದ ಲೆಕ್ಕ ನೋಡಿ ಸಾಲ ಕೊಡುವವರಿಗೂ ಪಡೆಯುವವರಿಗೂ ಈ ಮಾತು ತಪ್ಪಿಹೋಗುತ್ತದೆ.

ಹೀಗೇಕಾಯಿತು ಎಂದು ಹುಡುಕಿದರೆ ದಾಸ್ತಾನಿನ ಮೇಲೆ ಅಷ್ಟು ಅನುಮಾನವಿಲ್ಲ. ಮಳೆಗಾಲದಲ್ಲಿ ಅದು ತಟ್ಟೆಯಾಗಿ ಹಣವಾಗುತ್ತದೆ. ಆದರೆ ಗೋದಾಮಿಗೆ ಹೋಗಿ ಕೆಳಗಿನ ಸಾಲಿನ ಹಾಳೆಯನ್ನು ಒಮ್ಮೆ ಎಳೆದು ನೋಡಬೇಕು. ಬೂಸ್ಟು ಹಿಡಿದಿದ್ದರೆ ಅದಕ್ಕೆ ಬೆಲೆಯಿಲ್ಲ. ಆಗ ದಾಸ್ತಾನಿನ ಬೆಲೆಯನ್ನೇ ಇಳಿಸಬೇಕು, ಅಷ್ಟರಮಟ್ಟಿಗೆ ಲಾಭವೂ ಇಳಿಯುತ್ತದೆ. ನಾವು ನೋಡಿದೆವು, ಒಣಗಿ ಗರಿಗರಿಯಾಗಿತ್ತು.

ಉದ್ರಿಯ ಕಥೆ ಬೇರೆ. ಹಿಂದಿನ ವರ್ಷ ಮಾರಾಟ 30 ಲಕ್ಷ, ಬಾಕಿ 4 ಲಕ್ಷ. ಬಾಕಿಯನ್ನು ಮಾರಾಟದಿಂದ ಭಾಗಿಸಿ 365ರಿಂದ ಗುಣಿಸಿದರೆ ಸುಮಾರು 49 ದಿನ. ಸರಾಸರಿ ಅಷ್ಟು ದಿನದ ಮಾರಾಟ ಹೊರಗೆ ನಿಂತಿತ್ತು. ಈ ವರ್ಷ ಅದೇ ಲೆಕ್ಕ 87 ದಿನ ತೋರಿಸಿತು. ಮಾರಾಟ ಮೂರನೇ ಒಂದು ಪಾಲು ಏರಿದ್ದು, ಹಣಕ್ಕಾಗಿ ಹೆಚ್ಚು ಕಾಯುವುದಾದರೆ ಮಾತ್ರ ಕೊಳ್ಳುತ್ತೇವೆ ಎಂದ ಗಿರಾಕಿಗಳಿಂದ. 2006ರ ಎಂಎಸ್‌ಎಂಇ ಅಭಿವೃದ್ಧಿ ಕಾಯ್ದೆಯ ಪ್ರಕಾರ ಇಂಥ ಸಣ್ಣ ಘಟಕಕ್ಕೆ ಕೊಳ್ಳುವವರು ಒಪ್ಪಂದವಿದ್ದರೂ 45 ದಿನದೊಳಗೆ ಹಣ ಕೊಡಬೇಕು, ತಡವಾದರೆ ಬಡ್ಡಿಯನ್ನೂ ಸೇರಿಸಿ. ಗಿರಾಕಿ ಕೈತಪ್ಪುವ ಭಯದಿಂದ ಇದನ್ನು ಬಾಯಿಬಿಟ್ಟು ಕೇಳುವವರು ಕಡಿಮೆ, ಆ ಭಯ ನನಗೂ ಅರ್ಥವಾಗುತ್ತದೆ.

ಬಾಕಿ ಹಳೆಯ 49 ದಿನದಲ್ಲೇ ನಿಂತಿದ್ದರೆ ಎಷ್ಟಾಗುತ್ತಿತ್ತು? 40 ಲಕ್ಷದ ಮಾರಾಟಕ್ಕೆ ಸುಮಾರು 5,33,000. ಅಂದರೆ ಇನ್ನೂ 4,17,000 ಬ್ಯಾಂಕಿಗೆ ಬಂದಿರುತ್ತಿತ್ತು, ವರ್ಷದ ಕೊನೆಯ ನಗದು 4,87,000 ಇರುತ್ತಿತ್ತು. ಹೊಸ ಯಂತ್ರ ಕೊಂಡು, ಗೋದಾಮು ತುಂಬಿಸಿ, ಕಂತು ಕಟ್ಟಿ, ಮನೆ ನಡೆಸಿದ ಮೇಲೂ ವರ್ಷದ ಆರಂಭಕ್ಕಿಂತ ಹೆಚ್ಚು.

ಅವರು ಪೆನ್ನು ನನ್ನ ಕೈಯಿಂದ ತೆಗೆದುಕೊಂಡು ಬಾಕಿಯ ಪಟ್ಟಿಯನ್ನು ದಿನಾಂಕದ ಪ್ರಕಾರ ಬರೆಯತೊಡಗಿದರು. 9.5 ಲಕ್ಷದಲ್ಲಿ ಆರು ಲಕ್ಷ ಮೂರೇ ಗಿರಾಕಿಗಳದಾಗಿತ್ತು. ಮೊದಲನೆಯವರಿಗೆ ಅಲ್ಲಿಂದಲೇ ಫೋನ್ ಮಾಡಿದರು.